ಒಂದು ಖಂಡುಗ ಎಂದರೆ ಎಷ್ಟು ಮರ?

(ಹಾಲ್ಕುರಿಕೆಯಲ್ಲಿ ನಡೆದ ಒಂದು ದಿನದ ಇತಿಹಾಸ ಸಂಕಿರಣದ ಸಂಚಾಲಕಿಯಾಗಿ ಆಡಿದ ಆರಂಭದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)



ಈ ದಿನ ನಾಲ್ಕು ಪ್ರಬಂಧಗಳಿವೆ. ಶಾಸನಗಳ ಬಗ್ಗೆ ಒಂದು, ಬ್ರಿಟಿಷರ ಕಾಲದ ದಾಖಲೆಗಳ ಬಗ್ಗೆ ಒಂದು, ತಿಪಟೂರಿನ ಕೊಬ್ಬರಿ ಪೇಟೆಯ ಬಗ್ಗೆ ಒಂದು, ಕೊಳವೆಬಾವಿಯ ಬಗ್ಗೆ ಒಂದು. ಆಹ್ವಾನ ಪತ್ರಿಕೆ ನೋಡಿದ ನಮ್ಮಪ್ಪ, 'ಇವಕ್ಕೂ ಇವಕ್ಕೂ ಏನಮ್ಮ ಸಂಬಂಧ' ಎಂದರು. ಅವರಿಗೆ ಆಗ ಸರಿಯಾಗಿ ಹೇಳಲಾಗಲಿಲ್ಲ. ಈಗ ನಿಮ್ಮೆದುರು ಪ್ರಯತ್ನಿಸುತ್ತೇನೆ. ನನ್ನದೇ ಒಂದು ತಪ್ಪಿನಿಂದ ಶುರುಮಾಡಬೇಕು.

ಎಂ.ಎ. ಓದುವಾಗ ಈ ಸೀಮೆಯ ದಾನಶಾಸನಗಳ ಮೇಲೆ ಒಂದು ಕಿರುಪ್ರಬಂಧ ಬರೆದೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು. ಅದನ್ನು ಮುಂದಿಟ್ಟುಕೊಂಡು ಕೆರೆಯ ಕೆಳಗೆ ಇಂತಿಷ್ಟು ಖಂಡುಗ ಗದ್ದೆ, ಬೆದ್ದಲು ಇಂತಿಷ್ಟು ಖಂಡುಗ ಎಂದು ಬಂದದ್ದನ್ನೆಲ್ಲ ಕೂಡಿಸಿ, ಎಕರೆಗೆ ಪರಿವರ್ತಿಸಿ, ಕೋಷ್ಟಕ ಹಾಕಿದೆ. ಕೋಷ್ಟಕ ನೋಡಲು ಚೆನ್ನಾಗಿತ್ತು. ಅದನ್ನು ಓದಿದ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: 'ಎರಡು ಖಂಡುಗವನ್ನೂ ಒಂದೇ ಅಂತ ಕೂಡಿಸಿದ್ದೀಯಲ್ಲ, ಯಾಕೆ?'

ಖಂಡುಗ ಮೂಲದಲ್ಲಿ ಕಾಳಿನ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬಿತ್ತನೆ ಕಾಳು ಹಿಡಿಯುವ ನೆಲವೂ ಒಂದು ಖಂಡುಗವೇ. ಆದರೆ ಭತ್ತವನ್ನು ಗದ್ದೆಗೆ ಒತ್ತಾಗಿ ಚೆಲ್ಲುತ್ತಾರೆ. ರಾಗಿ ಕಾಳು ಸಣ್ಣದು, ಹೊಲದಲ್ಲಿ ತೆಳುವಾಗಿ ಬೀಳುತ್ತದೆ, ಅದೇ ಖಂಡುಗ ಬೀಜ ಎಷ್ಟೋ ದೂರ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಸರ್ಕಾರದ ಲೆಕ್ಕದಲ್ಲಿ ಗದ್ದೆಯ ಖಂಡುಗಕ್ಕೆ 10,000 ಚದರ ಗಜ, ಬೆದ್ದಲಿನ ಖಂಡುಗಕ್ಕೆ 64,000 ಚದರ ಗಜ. ಒಂದು ಎರಡು ಎಕರೆಗಿಂತ ತುಸು ಹೆಚ್ಚು, ಇನ್ನೊಂದು ಹದಿಮೂರು ಎಕರೆಗಿಂತ ಹೆಚ್ಚು. ಹೆಸರು ಒಂದೇ, ನೆಲ ಆರು ಪಟ್ಟಿಗೂ ಮಿಗಿಲು. ನನ್ನ ಕೋಷ್ಟಕ ಅಲ್ಲಿಗೆ ಮುಗಿಯಿತು. ಈ ಸರ್ಕಾರಿ ಲೆಕ್ಕವನ್ನು ಹಾಗೆಯೇ ಹೊಯ್ಸಳರ ಕಾಲಕ್ಕೆ ಒಯ್ಯುವುದೂ ಇನ್ನೊಂದು ತಪ್ಪು. ಅಳೆಯುವ ಕೋಲು ಊರಿಂದ ಊರಿಗೆ ಬದಲಾಗುತ್ತಿತ್ತು, ಅದಕ್ಕೇ ಎಷ್ಟೋ ಶಾಸನಗಳು ಯಾವ ಕೋಲಿನಲ್ಲಿ ಅಳೆದದ್ದು ಎಂದು ಹೇಳಿಯೇ ಮುಂದೆ ಹೋಗುತ್ತವೆ.

ನಾಚಿಕೆ ಕಳೆದ ಮೇಲೆ ನನಗೆ ಹೊಳೆದದ್ದು ಬೇರೆಯೇ. ಜನ ಯಾವುದನ್ನು ಎಣಿಸುತ್ತಾರೋ ಅದು ಆ ಕಾಲದಲ್ಲಿ ಅವರಿಗೆ ಯಾವುದರ ಚಿಂತೆಯಿತ್ತು ಎಂದು ಹೇಳುತ್ತದೆ. ಈ ದಿನದ ನಾಲ್ಕೂ ಪ್ರಬಂಧಗಳನ್ನು ಆ ದಾರದಲ್ಲಿ ಪೋಣಿಸಿಕೊಂಡು ಕೇಳಿ ಎಂಬುದು ನನ್ನ ಕೋರಿಕೆ.

ಮೊದಲ ಪ್ರಬಂಧದಲ್ಲಿ ಹದಿಮೂರನೆಯ ಶತಮಾನ ಬರುತ್ತದೆ. ತುರುವೇಕೆರೆ, ವಿಘ್ನಸಂತೆ, ಅರಳಗುಪ್ಪೆ, ಇಲ್ಲೆಲ್ಲ ಹೊಯ್ಸಳರ ಕಾಲದ ಗುಡಿಗಳಿವೆ. ನಾವು ಗೋಡೆಯ ಮೇಲಿನ ಶಿಲ್ಪ ನೋಡಿ ಬರುತ್ತೇವೆ. ಗುಡಿ ನಡೆಯುತ್ತಿದ್ದುದು ಕೆರೆಯ ಕೆಳಗಿನ ಗದ್ದೆಯಿಂದ. ಕೆರೆ ಕಟ್ಟಿಸಿದವನಿಗೆ, ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳಿದ್ದವು. ಅಂದರೆ ಹೂಳು ತೆಗೆಯುವ ಖರ್ಚು ಆ ನೆಲದೊಳಗೇ ಕೂತಿತ್ತು. ಅಲ್ಲಿ ಎಣಿಕೆ ಬೀಜದ್ದು. ಬಿತ್ತುವಷ್ಟು ನೀರು ಈ ವರ್ಷ ಕೆರೆಗೆ ಬಂತೇ ಎಂಬುದು ಚಿಂತೆ.

ಎರಡನೆಯ ಪ್ರಬಂಧದ ನಾಯಕ ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿದ. 1807ರಲ್ಲಿ ಅವನ ಪ್ರವಾಸ ಮೂರು ಸಂಪುಟಗಳಲ್ಲಿ ಬಂತು. ಹೋದಲ್ಲೆಲ್ಲ ರೈತರನ್ನು ಕೂರಿಸಿಕೊಂಡು ಎಷ್ಟು ಬಿತ್ತುತ್ತೀರಿ, ಎಷ್ಟು ಬೆಳೆಯುತ್ತೀರಿ ಎಂದು ಕೇಳಿ ಖಂಡುಗವನ್ನು ಬುಶೆಲ್‌ಗೆ ತಿರುಗಿಸುತ್ತಾನೆ. ನಾನು ಮಾಡಿದ ಕೆಲಸವನ್ನೇ ನನಗಿಂತ ಇನ್ನೂರು ವರ್ಷ ಮೊದಲು, ನನಗಿಂತ ಎಚ್ಚರದಿಂದ ಮಾಡಿದವನು. ಆದರೆ ತೋಟಕ್ಕೆ ಬಂದರೆ ಬೀಜದ ಲೆಕ್ಕ ನಡೆಯುವುದಿಲ್ಲ. ತೆಂಗಿನ ತೋಟವನ್ನು ಎಣಿಸುವುದು ಮರದಿಂದ.

ಇವತ್ತಿಗೂ ಇಲ್ಲಿ ಹೆಣ್ಣು ಕೊಡುವಾಗ 'ಎಷ್ಟು ಎಕರೆ' ಅಂತಲ್ಲ, 'ಎಷ್ಟು ಮರ' ಅಂತ ಕೇಳುವವರಿದ್ದಾರೆ. ಈಗ ಒಂದು ಸಣ್ಣ ಲೆಕ್ಕ. ತೆಂಗನ್ನು ಮೂವತ್ತು ಅಡಿಗೆ ಒಂದರಂತೆ ಹಾಕಿದರೆ ಪ್ರತಿ ಮರಕ್ಕೆ 900 ಚದರ ಅಡಿ, ಅಂದರೆ 100 ಚದರ ಗಜ. ಗದ್ದೆಯ ಒಂದು ಖಂಡುಗಕ್ಕೆ 10,000 ಚದರ ಗಜ. ಹಾಗಾದರೆ ಸರಿಯಾಗಿ ನೂರು ಮರ. ಬೆದ್ದಲಿನ ಖಂಡುಗದಲ್ಲಿ 640 ಮರ ಹಿಡಿಯುತ್ತದೆ. ಹಳೆಯ ಕಾಲದಲ್ಲಿ ಬೆದ್ದಲಿನಲ್ಲಿ ತೆಂಗು ಬದುಕುವಂತಿರಲಿಲ್ಲ. ಅದು ಕೆರೆಯ ಕೆಳಗೆ, ಹಳ್ಳದ ಬದಿಯಲ್ಲಿ, ತೇವ ಸಿಕ್ಕಲ್ಲಿ ನಿಲ್ಲುತ್ತಿತ್ತು. ಈಗ ರಸ್ತೆಯ ಎರಡೂ ಕಡೆ ದಿನ್ನೆಯವರೆಗೆ ಕಾಣುವ ತೋಟ ಆ 640ರ ಪಾಲಿನದು. ಆರು ಪಟ್ಟು ನೆಲಕ್ಕೆ ತೆಂಗು ಹತ್ತಿದ್ದು ಹೇಗೆ ಎಂಬುದೇ ಮಧ್ಯಾಹ್ನದ ಎರಡು ಪ್ರಬಂಧಗಳ ವಿಷಯ.

ಮೂರನೆಯದರಲ್ಲಿ ಎಣಿಕೆ ತೂಕವಾಗುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಳಿ ಬಿತ್ತು, ತಿಪಟೂರಿನಲ್ಲಿ ಸ್ಟೇಷನ್ ಆಯಿತು. ಹೊನ್ನವಳ್ಳಿ ತಾಲ್ಲೂಕು ಎಂಬ ಹೆಸರು ಹೋಗಿ ತಿಪಟೂರು ತಾಲ್ಲೂಕಾಯಿತು. ಎಳನೀರು ದೂರ ಹೋಗುವುದಿಲ್ಲ, ಉಂಡೆ ಕೊಬ್ಬರಿ ಉತ್ತರ ಭಾರತದವರೆಗೂ ಹೋಗುತ್ತದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆ ಸದ್ದು ಬರದ ಕಾಯಿ ಒಡೆದರೆ ನಷ್ಟ. ನಮ್ಮಜ್ಜಿ ಅಟ್ಟ ಹತ್ತದೆ ಕೆಳಗಿನಿಂದಲೇ ಕಿವಿಕೊಟ್ಟು ಹೇಳುತ್ತಿದ್ದರು (ಅರ್ಧದಷ್ಟು ಸಲ ಇಲಿಯ ಸದ್ದೂ ಆಗಿರುತ್ತಿತ್ತು). ಮರ ಎಣಿಸುತ್ತಿದ್ದ ರೈತ ಈಗ ಕ್ವಿಂಟಲ್ ಎಣಿಸುತ್ತಾನೆ. ಮರಕ್ಕೆ ನೀರು ಸಾಲದೆ ಹೋದರೆ ಕಾಯಿ ಸಣ್ಣದಾಗುತ್ತದೆ. ಮರದ ಸಂಖ್ಯೆ ಅಷ್ಟೇ ಇರುತ್ತದೆ, ತಕ್ಕಡಿಯಲ್ಲಿ ಮಾತ್ರ ಗೊತ್ತಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಹೇಳಿತ್ತು, ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಒಂದು ವರ್ಷ ಅಟ್ಟದಲ್ಲಿಟ್ಟು ಕಾದದ್ದು ಆ ಬೆಲೆಗೆ.

ಕೊನೆಯ ಪ್ರಬಂಧದ ಅಳತೆ ಅಡಿ ಮತ್ತು ಇಂಚು. 'ಎಷ್ಟು ಅಡಿ ಕೊರೆಸಿದ್ರಿ, ಎಷ್ಟು ಇಂಚು ಬಂತು?' ಇಂಚು ಎಂದರೆ ಪೈಪಿನ ಗಾತ್ರವಲ್ಲ. ತಗಡಿನಲ್ಲಿ ವಿ ಆಕಾರದ ಕಚ್ಚು ಮಾಡಿ, ಅದರ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ನೋಡುವುದು. ಇಲ್ಲೂ ಕೂಡಿಸುವವರಿಗೆ ಒಂದು ಬಲೆಯಿದೆ: ಎರಡು ಇಂಚು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಹಾಗೆಯೇ ಎರಡರಿಂದ ಒಂದಕ್ಕೆ ಇಳಿದರೆ ಅರ್ಧ ಹೋಯಿತು ಎಂದು ಭಾವಿಸುತ್ತೇವೆ, ನಿಜವಾಗಿ ಹೋದದ್ದು ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು. ನಮ್ಮ ಮನೆಯ ಬೆದ್ದಲಿನಲ್ಲಿ ಹಾಗೆ ಒಂದು ಇಂಚಿಗೆ ಇಳಿದ ಮೇಲೂ ಅಪ್ಪ ಎರಡು ಬೇಸಿಗೆ 'ಅರ್ಧ ಇದೆಯಲ್ಲ' ಎಂದುಕೊಂಡು ಎಲ್ಲ ಮರಕ್ಕೂ ಹಂಚಿದರು. ಸುಳಿ ಒಣಗಿದ ಮರಗಳನ್ನು ಆಮೇಲೆ ಎಣಿಸಿದ್ದು ನಾನು. ಮೂವತ್ತೊಂದು.

ಅಪ್ಪ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಪ್ರಶ್ನೆಯ ವೇಳೆಯಲ್ಲಿ ಅವರು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಪ್ರಬಂಧಕಾರರು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಬೇಕು. ಊಟ ಒಂದೂವರೆಗೆ. ಅದಾದ ಮೇಲೆ ಬಿಸಿಲಿಗೆ ಹೆದರದವರು ಕೆರೆ ಏರಿಯ ಮೇಲೆ ನಡೆದು ಬರೋಣ. ಈಗ ಮೊದಲ ಪ್ರಬಂಧ, ದಯಮಾಡಿ ವೇದಿಕೆಗೆ ಬನ್ನಿ.