ಸಂದರ್ಶನಗಳ ರಾಶಿಯಲ್ಲಿ ಇಬ್ಬರ ಮಾತು: ಉಗರಗೋಳದ ನೆಲೆಯಿಂದ ಒಂದು ವಿಧಾನ ಚರ್ಚೆ

ಸವದತ್ತಿ ಎಲ್ಲಮ್ಮನ ಗುಡ್ಡದ ಮಗ್ಗುಲಲ್ಲಿರುವ ಉಗರಗೋಳದಂಥ ಊರುಗಳಲ್ಲಿ ಜೋಗತಿಯರನ್ನು ಮಾತನಾಡಿಸುವವರಿಗೆ ವಿಧಾನದ ಪ್ರಶ್ನೆಯೊಂದು ಎದುರಾಗುತ್ತದೆ. ಹಲವು ಸಂದರ್ಶನಗಳಿಂದ ಎಳೆಗಳನ್ನು ಹೆಕ್ಕುವಾಗ ಒಬ್ಬಿಬ್ಬರ ಮಾತಿಗೆ ಎಲ್ಲಿ ಜಾಗ? ಎಷ್ಟು ಜನ ಹೇಳಿದರು ಎಂಬುದೊಂದರಿಂದಲೇ ಎಳೆಯ ಮಹತ್ವ ತೀರ್ಮಾನವಾಗದು ಎಂದು ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲೇ ಹೇಳಿದ್ದಾರೆ. ಅದರಲ್ಲಿ ತಕರಾರಿಲ್ಲ. ಆದರೆ ಎಣಿಕೆಯನ್ನು ಬಿಟ್ಟರೆ ಉಳಿಯುವುದು ಸಂಶೋಧಕರ ವಿವೇಚನೆ. ಬೇಡವಾದ ಮಾತು ಸದ್ದಿಲ್ಲದೆ ಜಾರಿಹೋಗುವುದು ಅಲ್ಲಿಯೇ.

ಚರ್ಚೆಗಾಗಿ ಒಂದು ಕಲ್ಪಿತ ಮಾದರಿ. ಇಪ್ಪತ್ತು ಸಂದರ್ಶನಗಳಿವೆ. ಹದಿನೆಂಟರಲ್ಲಿ, ಬಡತನಕ್ಕೋ ಹಿರಿಯರ ಹರಕೆಗೋ ಮುತ್ತು ಕಟ್ಟಿದರು ಎಂಬ ಮಾತಿದೆ. ಉಳಿದ ಇಬ್ಬರು, ಮುತ್ತು ಕಟ್ಟಿದ್ದರಿಂದಲೇ ಮಗನ ಸ್ಥಾನ ಸಿಕ್ಕಿ ತವರಿನ ಹೊಲ ತಮ್ಮ ಪಾಲಿಗೆ ಬಂತು ಎನ್ನುತ್ತಾರೆ. ‘ಒತ್ತಾಯ’ ಎಂಬ ಎಳೆ ಸಿದ್ಧವಾಗುತ್ತದೆ, ಇಬ್ಬರ ಮಾತು ‘ಇತರೆ’ ಎಂಬ ಮೂಲೆಗೆ ಹೋಗುತ್ತದೆ. ಹಾಗೆ ಮೂಲೆಗಿಟ್ಟದ್ದನ್ನು ಓದುವವರು ವಿರಳ.

ನಾನು ಮೊದಲು ನೋಡುವುದು ಆ ಹದಿನೆಂಟು ಜನರಿಗೆ ಆಸ್ತಿಯ ಪ್ರಶ್ನೆ ಕೇಳಲಾಗಿತ್ತೇ ಎಂಬುದನ್ನು. ಇಪ್ಪತ್ತು ಜನರಲ್ಲಿ ಐವರಿಗಷ್ಟೇ ಕೇಳಿದ್ದರೆ, ಆ ಐವರಲ್ಲಿ ಈ ಇಬ್ಬರೂ ಇದ್ದರೆ, ಲೆಕ್ಕ ಇಪ್ಪತ್ತಕ್ಕೆ ಎರಡಲ್ಲ, ಐದಕ್ಕೆ ಎರಡು. ಕೇಳದಿದ್ದವರ ಮೌನವನ್ನು ಅಸಮ್ಮತಿಯೆಂದು ಎಣಿಸುವುದು ಈ ಬಗೆಯ ವಿಶ್ಲೇಷಣೆಯಲ್ಲಿ ಬಹಳ ಸುಲಭವಾಗಿ ಆಗುವ ತಪ್ಪು. ಹಾಗಾಗಿ ಪ್ರತಿ ಸಂದರ್ಶನಕ್ಕೊಂದು ಸಾಲು, ಪ್ರತಿ ಎಳೆಗೊಂದು ಕಂಬಸಾಲು ಇರುವ ಕೋಷ್ಟಕದಲ್ಲಿ ‘ಹೇಳಲಿಲ್ಲ’ ಮತ್ತು ‘ಕೇಳಲಿಲ್ಲ’ ಎಂಬವುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕಾನೂನಿನ ನೆರಳೂ ಇದೆ: 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಿಂದ ಮುತ್ತು ಕಟ್ಟುವುದು ಅಪರಾಧವಾಯಿತು. ಪಿಂಚಣಿ, ಪುನರ್ವಸತಿಯ ಅಧಿಕಾರಿಗಳೆದುರು ಹೇಳಿ ರೂಢಿಯಾದ ಉತ್ತರವೇ ಸಂದರ್ಶಕರಿಗೂ ಸಿಗಬಹುದು.

ಈಗ ನನ್ನ ಮುಖ್ಯ ವಾದ. ಇಬ್ಬರ ಮಾತಿಗೆ ಬೇರೆ ಎಳೆ ಕಟ್ಟಿಕೊಡುವ ಬದಲು ಅದರಿಂದ ಹದಿನೆಂಟು ಜನರ ಎಳೆಯನ್ನೇ ತಿದ್ದಬೇಕು. ‘ಒತ್ತಾಯ’ ಎಂಬುದು ‘ಮನೆತನದ ಲೆಕ್ಕಾಚಾರ’ವಾದಾಗ ಬಡತನವೂ ಹೊಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ಸಮರ್ಪಿತಳಾದ ಮಗಳು ಬಂಧುತ್ವದಲ್ಲಿ ಮಗನಂತೆ ನಿಲ್ಲುವುದನ್ನು ಲೂಸಿಂಡಾ ರಾಂಬರ್ಗ್ 2014ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಹಾಗಾಗಿ ಇದನ್ನು ಬಿಡಿ ಅಪವಾದವೆಂದು ತಳ್ಳಿಹಾಕಲಾಗದು. ಆದರೂ ಎಚ್ಚರ ಬೇಕು. ಹೊಸ ಹೆಸರು ಒತ್ತಾಯವನ್ನು ಮೃದುಗೊಳಿಸುವಂತಿದ್ದರೆ ಹದಿನೆಂಟು ಜನರಿಗೆ ಅನ್ಯಾಯ. ಹೊಲ ಸಿಕ್ಕವರೂ ಒತ್ತಾಯಕ್ಕೆ ಒಳಗಾಗಿರಬಹುದು. ಅಲ್ಲದೆ, ಮಾತಿನ ಭರದಲ್ಲಿ ಒಮ್ಮೆ ಬಂದು ಹೋದ ಹೇಳಿಕೆಗೆ ಇಷ್ಟು ತೂಕ ಸಲ್ಲದು. ಅದೇ ಸಂದರ್ಶನದಲ್ಲಿ ಬೇರೆ ಪ್ರಶ್ನೆಗೂ ಅದು ಮರಳಿ ಬಂದರೆ ಮಾತ್ರ ಈ ತಿದ್ದುಪಡಿಗೆ ಆಧಾರವಾದೀತು.

ಬಗೆಹರಿಯದ್ದು ಒಂದಿದೆ. ಸಣ್ಣ ಊರಿನಲ್ಲಿ ಹೆಸರು ಮರೆಸಿದರೂ ಹೊಲದ ಮಾತೇ ಹೇಳಿದವಳ ಗುರುತು ಕೊಡುತ್ತದೆ. ಅವಳ ಮಾತನ್ನು ಉಳಿಸಿ ಅವಳನ್ನು ಮರೆಮಾಡುವ ದಾರಿ ಈ ಕೋಷ್ಟಕದಲ್ಲಿಲ್ಲ.