ಪಡಸಾಲಿಯ ಕೆಂಪು ನೆಲ

ಹ್ವಾದ ಬ್ಯಾಸಗಿಯೊಳಗ ನಮ್ಮ ಮುಳಗುಂದದ ಮನಿ ಪಡಸಾಲಿ ನೆಲ ಬಿರುಕ ಬಿಡ್ತು. "ಕಿತ್ತು ಟೈಲ್ಸ್ ಹಾಕಿಸಿಬಿಡೂಣು" ಅಂದ ಮಗ. "ತಡೀಪಾ, ಅದೇನಂತ ತಿಳಕೊಂಡು ಕೀಳೂಣು" ಅಂದೆ.

ಕೆಂಪು ನೆಲ ನಾವು ಅನ್ಕೊಂಡಷ್ಟು ಹಳೇದಲ್ಲ. ಮೊದಲ ಎಲ್ಲಾರ ಮನ್ಯಾಗೂ ಸೆಗಣಿ ಸಾರಿಸಿದ ಮಣ್ಣಿನ ನೆಲ, ಅನುಕೂಲ ಇದ್ದವರಿಗೆ ಹಾಸಗಲ್ಲು. ಗದಗಿಗೆ ರೈಲು ಬಂದದ್ದು 1880ರ ದಶಕದಾಗ. ಪೋರಬಂದರದಾಗ ಸಿಮೆಂಟ್ ತಯಾರಾಗಿದ್ದು 1914ರಾಗ. ಮುಂದ, ಹಾಸಗಲ್ಲಿಗೆ ಹೆಸರಾದ ಶಹಾಬಾದದಾಗೂ ಸಿಮೆಂಟ್ ಕಾರಖಾನಿ ಆತು. ಸಿಮೆಂಟ್ ಊರೂರಿಗೆ ಸಿಗಾಕತ್ತಿದ ಮ್ಯಾಲೆ ಈ ನೆಲ ಬಂತು.

ಕೆಳಗ ಕಾಂಕ್ರೀಟಿನ ಹಾಸು. ಅದರ ಮ್ಯಾಲೆ ಸಿಮೆಂಟ್, ಕೆಂಪು ಆಕ್ಸೈಡ್ ಪುಡಿ ಕಲಿಸಿದ ತೆಳ್ಳನ್ನ ಪದರ. ಮೂರ್ನಾಲ್ಕು ಪಾಲು ಸಿಮೆಂಟಿಗೆ ಒಂದು ಪಾಲು ಪುಡಿ. ಬಣ್ಣ ಗಾಢ ಆಗ್ಲಿ ಅಂತ ಪುಡಿ ಹೆಚ್ಚು ಹಾಕಿದ್ರ ನೆಲ ಸೊರಗ್ತದ, ಒರಸೋ ಅರಬಿ ಕೆಂಪಗಾಗ್ತದ. ಗೌಂಡಿ ಮೊಳಕಾಲೂರಿ ಕರಣಿಲೆ ತಿಕ್ಕಿ ತಿಕ್ಕಿ ಹೊಳಪು ತರತಿದ್ದ. ಆಮ್ಯಾಲೆ ಒಂದು ವಾರ ನೀರು ನಿಲ್ಲಿಸಿ ಕಾಯಬೇಕು. ಕರೀ ಪಟ್ಟಿ ಬರೇ ಚಂದಕ್ಕಲ್ಲ: ದೊಡ್ಡ ನೆಲ ಒಂದ ತುಂಡಾದ್ರ ಒಣಗುವಾಗ ಎಲ್ಲಿ ಬೇಕಲ್ಲಿ ಬಿರಿತದ, ಪಟ್ಟಿ ಅದನ್ನ ಸಣ್ಣ ಸಣ್ಣ ಅಂಕಣ ಮಾಡ್ತದ.

ಬಿರುಕಿನಾಗೂ ಎರಡು ನಮೂನಿ. ಕೂದಲೆಳಿಯಂಥಾ ಬಲಿ ಮ್ಯಾಲಿನ ಪದರದ್ದು, ಅದಕ್ಕ ಅಂಜಬ್ಯಾಡ್ರಿ. ನಮ್ಮದು ಗ್ವಾಡಿಯಿಂದ ಗ್ವಾಡಿಗೆ ಹೊಂಟಿತ್ತು. ಪೆನ್ಸಿಲ್ಲಿಲೆ ಎರಡೂ ದಂಡಿಗೆ ಗೆರಿ ಹಾಕಿ ಇಟ್ಟೆ. ಮಳಿ ಬಿದ್ದ ಮ್ಯಾಲೆ ಬಿರುಕು ಸಣ್ಣದಾತು! ನಮ್ಮ ಮನಿ ಬುನಾದಿ ಎರಿ ಮಣ್ಣಿನ ಮ್ಯಾಲೈತಿ. ಅದು ನೀರು ಕುಡದು ಉಬ್ಬತದ, ಬ್ಯಾಸಗಿಗೆ ಕುಗ್ಗತದ. ಟೈಲ್ಸ್ ಹಾಕಿದ್ರ ಅವೂ ಅಲ್ಲೇ ಸೀಳತಿದ್ವು.

ರೂಪಾಯಿ ನಾಣ್ಯದಿಂದ ನೆಲ ಬಡದು ನೋಡಿದ್ವಿ. ಬಾಗಲ ಹತ್ರದ ಒಂದು ಅಂಕಣ ಟೊಳ್ಳು ಸಪ್ಪಳ ಕೊಡ್ತು, ಪದರ ಎದ್ದಿತ್ತು. ಅದೊಂದನ್ನ ಪಟ್ಟಿ ತನಕ ಪೂರಾ ತಗದು ಮತ್ತ ಹಾಕಿಸಿದ್ವಿ, ನಡಬರಕ ತ್ಯಾಪಿ ಹಚ್ಚಿದ್ರ ಎದ್ದು ಕಾಣ್ತದ. ಹಸಿ ಇದ್ದಾಗ ಬಣ್ಣ ಗಾಢ ಕಾಣ್ತದಂತ, ಮೊದಲ ಒಂದು ಹಂಚಿನ ಮ್ಯಾಲೆ ಕಲಿಸಿ ಹಚ್ಚಿ, ವಾರ ಒಣಗಿಸಿ ಹೊಂದಿಸಿದ್ವಿ. ಆದ್ರೂ ಹೊಸಾ ಅಂಕಣ ತುಸು ಬ್ಯಾರೇನ ಕಾಣ್ತದ. ಉದ್ದನ್ನ ಬಿರುಕನ್ನ ಹಂಗ ಬಿಟ್ಟೀವಿ.

ಈಗ ಅದರ ಮ್ಯಾಲೆ ನವಲಗುಂದದ ಜಮಖಾನಿ ಹಾಸತೀವಿ, ಸಂಜಿಕೆ ಸುತ್ತಿ ಇಡತೀವಿ. ಪ್ಲಾಸ್ಟಿಕ್ ಹಾಸು ಬ್ಯಾಡ, ಕೆಳಗಿನ ಹಸಿ ಸಿಕ್ಕೊಂಡು ಬಿಳೀ ಉಪ್ಪು ಏಳತದ. ಎಣ್ಣಿ ಬಣ್ಣದ ರಂಗೋಲಿನೂ ಬ್ಯಾಡ, ಕೆಂಪಿನ ಮ್ಯಾಲೆ ಒಣಾ ರಂಗೋಲಿ ಪುಡಿನ ಸಾಕು. ನಿಂಬಿಹುಳಿ, ಆಸಿಡ್ ಮುಟ್ಟಸಬ್ಯಾಡ್ರಿ, ಸಿಮೆಂಟು ತಿಂತಾವ. ತಿಂಗಳಿಗೊಮ್ಮೆ ನಾಕು ಹನಿ ಕೊಬ್ರಿ ಎಣ್ಣಿ ಅರಬಿಗೆ ಹಚ್ಚಿ ಒರಸಿ, ಒಣಾ ಅರಬಿಲೆ ತಿಕ್ಕರಿ. ಎಣ್ಣಿ ಉಳದ್ರ ಮುದುಕರು ಜಾರತಾರ.

ಮಗ ಈಗ ಮಧ್ಯಾಹ್ನ ಅಲ್ಲೇ ಮಲಗತಾನ.