ಗಣಿತದ ಅಕ್ಷರ, ಬಯೋದ ಶೋಕಿ

ಇಂಥ ಬಯೋ ನೀವು ನೋಡೇ ಇರ್ತೀರಿ: 𝐔𝐗 𝐃𝐞𝐬𝐢𝐠𝐧𝐞𝐫. ಬಯೋ ಬರೆಯುವ ಜಾಗದಲ್ಲಿ ಬೋಲ್ಡ್ ಬಟನ್ನೇ ಇಲ್ಲ, ಆದರೂ ಅಕ್ಷರ ದಪ್ಪಗಿದೆ. ಗುಟ್ಟು ಎಲ್ಲರಿಗೂ ಗೊತ್ತು. ಯಾವುದೋ ‘ಫ್ಯಾನ್ಸಿ ಫಾಂಟ್’ ಸೈಟಿಗೆ ಹೋಗಿ ಟೈಪ್ ಮಾಡಿದರೆ ಇಪ್ಪತ್ತು ಥರದ ವೇಷ ಹಾಕಿಕೊಂಡು ಬರುತ್ತದೆ. ಬೇಕಾದ್ದನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರಾಯಿತು.

ಆದರೆ ಅದು ಫಾಂಟ್ ಅಲ್ಲ. ಫಾಂಟ್ ಅಂದರೆ ಅಕ್ಷರಕ್ಕೆ ಹಾಕುವ ಬಟ್ಟೆ; ಬಟ್ಟೆ ಬದಲಾದರೂ ಒಳಗಿರುವ ಅಕ್ಷರ ಅದೇ. ಇಲ್ಲಿ ಅಕ್ಷರವೇ ಬೇರೆ. ಕೀಬೋರ್ಡಿನ D ಯೂನಿಕೋಡ್ ಪಟ್ಟಿಯಲ್ಲಿ U+0044. ಆ ದಪ್ಪ 𝐃 ಇರುವುದು U+1D403ರಲ್ಲಿ. ನುಡಿ, ಬರಹ ಕಾಲದ ಹಳೇ ಫೈಲುಗಳನ್ನು ತೆರೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಗ ಕಣ್ಣಿಗೆ ಕನ್ನಡ, ಒಳಗಿನ ಕೋಡ್ ಮಾತ್ರ ಇಂಗ್ಲಿಷಿನದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಕಲಸುಮೇಲೋಗರ. ಇಲ್ಲಿ ಅದರ ಉಲ್ಟಾ. ಕಣ್ಣಿಗೆ ಇಂಗ್ಲಿಷ್, ಒಳಗೆ ಗಣಿತ.

ಹೌದು, ಗಣಿತ. ಈ ಅಕ್ಷರಗಳು ಹುಟ್ಟಿದ್ದು ಗಣಿತದ ಪುಸ್ತಕಗಳಿಗಾಗಿ.

ಯೂನಿಕೋಡಿನ ಮೂಲ ನಿಯಮ ಸರಳ: ಅಕ್ಷರಕ್ಕೆ ಕೋಡ್ ಕೊಡಬೇಕು, ಅದರ ಅಲಂಕಾರಕ್ಕಲ್ಲ. ದಪ್ಪ, ಓರೆ ಎಲ್ಲ ಫಾಂಟಿನ ಕೆಲಸ. ಆದರೆ ಗಣಿತದಲ್ಲಿ ಈ ನಿಯಮ ಸೋಲುತ್ತದೆ. ಯೂನಿಕೋಡಿನವರೇ ಕೊಡುವ ಉದಾಹರಣೆ ನೋಡಿ. ಭೌತಶಾಸ್ತ್ರದ ಒಂದು ಸಮೀಕರಣದಲ್ಲಿ ಬಳ್ಳಿಯ ಹಾಗೆ ಬಳುಕುವ ℋ ಅಂದರೆ ಹ್ಯಾಮಿಲ್ಟೋನಿಯನ್. ಅದೇ ಸಾಲಿನಲ್ಲಿರುವ ಓರೆ 𝐻 ಅಂದರೆ ಕಾಂತಕ್ಷೇತ್ರ. ಅಲಂಕಾರ ತೆಗೆದುಬಿಟ್ಟರೆ ಎರಡೂ ಒಂದೇ H ಆಗಿ, ಸಮೀಕರಣದ ಅರ್ಥವೇ ಕೆಟ್ಟುಹೋಗುತ್ತದೆ. ಅಂದರೆ ಇಲ್ಲಿ ಆಕಾರವೇ ಅರ್ಥ.

1990ರ ದಶಕದ ಕೊನೆಗೆ ವೈಜ್ಞಾನಿಕ ಪತ್ರಿಕೆಗಳು ಕಾಗದದಿಂದ ವೆಬ್‌ಗೆ ಬರತೊಡಗಿದಾಗ ಈ ತೊಂದರೆ ಎದುರಾಯಿತು. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ, ಐಇಇಇ, ಎಲ್ಸೆವಿಯರ್ ಮುಂತಾದವರು ಸೇರಿಕೊಂಡ ‘ಸ್ಟಿಕ್ಸ್’ ಎಂಬ ಯೋಜನೆಯ ಕಡೆಯಿಂದ ಯೂನಿಕೋಡಿಗೆ ಬೇಡಿಕೆ ಹೋಯಿತು. 2001ರ ಮಾರ್ಚ್‌ನಲ್ಲಿ ಬಂದ ಯೂನಿಕೋಡ್ 3.1ರಲ್ಲಿ U+1D400ರಿಂದ U+1D7FFವರೆಗಿನ ಜಾಗವನ್ನು ಈ ಗಣಿತದ ಅಕ್ಷರಗಳಿಗೆ ಬಿಟ್ಟುಕೊಟ್ಟರು. ದಪ್ಪ, ಓರೆ, ಬಳ್ಳಿ ಬರಹ, ಹಳೇ ಜರ್ಮನ್ ಶೈಲಿ ಹೀಗೆ ಇವತ್ತು ಅಲ್ಲಿ 996 ಅಕ್ಷರಗಳಿವೆ. ಜೊತೆಗೆ ಎಚ್ಚರಿಕೆಯನ್ನೂ ಬರೆದಿಟ್ಟರು: ಇವು ಗಣಿತಕ್ಕೆ ಮಾತ್ರ, ಮಾಮೂಲಿ ಬರಹವನ್ನು ಸಿಂಗರಿಸಲಿಕ್ಕಲ್ಲ.

ಎಚ್ಚರಿಕೆ ಯಾರು ಓದ್ತಾರೆ, ಅಲ್ವಾ? ಆದರೂ ಕೆಲವು ವರ್ಷ ಈ ಅಕ್ಷರಗಳು ತಂಟೆಯಿಲ್ಲದೆ ಇದ್ದವು. ಕಾರಣ, ಅವು ಯೂನಿಕೋಡಿನ ಮೊದಲ 65,536 ಕೋಡುಗಳ ಆಚೆಗಿದ್ದವು. ಆ ಆಚೆಯ ಜಾಗವನ್ನು ಬಹಳಷ್ಟು ಹಳೇ ಸಾಫ್ಟ್‌ವೇರ್ ಸರಿಯಾಗಿ ನಿಭಾಯಿಸುತ್ತಿರಲಿಲ್ಲ. 2010ರ ಯೂನಿಕೋಡ್ 6.0ದಲ್ಲಿ ಬಂದ ಎಮೋಜಿಗಳಲ್ಲಿ ಬಹುಪಾಲು ಇದ್ದದ್ದೂ ಅಲ್ಲೇ. ಎಮೋಜಿ ಎಲ್ಲರಿಗೂ ಬೇಕು, ಹಾಗಾಗಿ ಫೋನುಗಳೂ ಆ್ಯಪ್‌ಗಳೂ ಆ ಜಾಗವನ್ನು ಓದಲು ಕಲಿಯಲೇಬೇಕಾಯಿತು. ಎಮೋಜಿಗೆ ತೆರೆದ ಬಾಗಿಲಲ್ಲಿ ಗಣಿತದ ಅಕ್ಷರಗಳೂ ಒಳಗೆ ಬಂದವು.

ಜನರೇಟರ್ ಮಾಡುವ ಕೆಲಸ ಬರೀ ಕೂಡುವ ಲೆಕ್ಕ: ಪ್ರತಿ ಅಕ್ಷರದ ಕೋಡಿಗೆ ಒಂದು ನಿಗದಿತ ಸಂಖ್ಯೆ ಸೇರಿಸುವುದು. ಓರೆ ಅಕ್ಷರದಲ್ಲಿ ಈ ಲೆಕ್ಕ ಒಂದು ಕಡೆ ತಪ್ಪುತ್ತದೆ. ಓರೆ h ಪ್ಲಾಂಕ್ ಸ್ಥಿರಾಂಕದ ಗುರುತಾಗಿ ಮೊದಲೇ U+210Eಯಲ್ಲಿ ಇತ್ತು. ಹಾಗಾಗಿ ಹೊಸ ಪಟ್ಟಿಯಲ್ಲಿ ಅದರ ಜಾಗವಾದ U+1D455ಅನ್ನು ಖಾಲಿ ಬಿಟ್ಟರು. ಇದು ಗೊತ್ತಿಲ್ಲದೆ ಬರೆದ ಜನರೇಟರಿನಲ್ಲಿ h ಬಂದ ಕಡೆಯೆಲ್ಲ ಖಾಲಿ ಡಬ್ಬಿ ಕಾಣುತ್ತದೆ.

ಡಬ್ಬಿ ಕಣ್ಣಿಗಾದರೂ ಕಾಣುತ್ತದೆ. ಕಣ್ಣು ಕಾಣದವರ ಫೋನಿನಲ್ಲಿ ಆಗುವುದು ನಮಗೆ ಗೊತ್ತೇ ಆಗುವುದಿಲ್ಲ. ಸ್ಕ್ರೀನ್ ರೀಡರ್ ಪರದೆಯ ಚಿತ್ರ ನೋಡುವುದಿಲ್ಲ, ಕೋಡನ್ನು ಓದುತ್ತದೆ. U+1D403ಕ್ಕೆ ಯೂನಿಕೋಡ್ ಇಟ್ಟ ಹೆಸರು ‘ಮ್ಯಾಥಮ್ಯಾಟಿಕಲ್ ಬೋಲ್ಡ್ ಕ್ಯಾಪಿಟಲ್ ಡಿ’. ಕೆಲವು ರೀಡರುಗಳು ಇದನ್ನು ಹಾಗೇ ಹೇಳುತ್ತವೆ. ಮೇಲಿನ ಬಯೋದಲ್ಲಿ ಹತ್ತು ಅಕ್ಷರಗಳಿವೆ, ಒಂದೊಂದಕ್ಕೂ ನಾಲ್ಕು ಪದ. ಎರಡು ಪದದ ಜಾಗದಲ್ಲಿ ಒಟ್ಟು ನಲವತ್ತು ಪದ ಕೇಳಿ, ನಡುವೆ ಬರುವ ಅಕ್ಷರಗಳನ್ನು ತಲೆಯಲ್ಲೇ ಜೋಡಿಸಿಕೊಂಡು ‘ಓ, ಡಿಸೈನರ್’ ಅನ್ನಬೇಕು. ಇನ್ನು ಕೆಲವು ರೀಡರ್ ಮತ್ತು ಧ್ವನಿಗಳ ಜೋಡಿಗೆ ಈ ಅಕ್ಷರ ಗೊತ್ತೇ ಇಲ್ಲ. ಅವು ಸುಮ್ಮನೆ ಹಾರಿಸಿ ಮುಂದೆ ಹೋಗುತ್ತವೆ. ಅವರ ಪಾಲಿಗೆ ನಿಮ್ಮ ಬಯೋ ಖಾಲಿ. ಹೆಸರನ್ನೇ ಹೀಗೆ ಬರೆದಿದ್ದರೆ ನೀವು ಯಾರು ಅನ್ನುವುದೂ ಗೊತ್ತಾಗಲ್ಲ.

ಉದ್ದದ ಹೆಸರು ಹೇಳುವ ಸ್ಕ್ರೀನ್ ರೀಡರಿನದು ತಪ್ಪಾ? ಅಲ್ಲ. ಗಣಿತದ ವಿದ್ಯಾರ್ಥಿಗೆ ℋ ಬೇರೆ, 𝐻 ಬೇರೆ ಎಂದು ಅದು ಹೇಳಲೇಬೇಕು. ಈ ಅಕ್ಷರಗಳು ಬಂದಿದ್ದೇ ಅದಕ್ಕೆ. ನಾವು ಅರ್ಥ ಬಿಟ್ಟು ಆಕಾರ ಮಾತ್ರ ಕದ್ದಿದ್ದೇವೆ, ಅದು ಅರ್ಥವನ್ನೇ ಓದುತ್ತಿದೆ.

ಪರಿಹಾರವೂ ಯೂನಿಕೋಡಿನಲ್ಲೇ ಅರ್ಧ ಇದೆ. ಪ್ರತಿ ಗಣಿತದ ಅಕ್ಷರದ ಪಕ್ಕದಲ್ಲಿ ಇದರ ಮೂಲ ಯಾವುದು ಎಂದು ಬರೆದಿರುತ್ತದೆ. ಕೋಡ್ ಬರೆಯುವವರು ಪೈಥಾನಿನಲ್ಲಿ ಇದನ್ನು ಓಡಿಸಿ ನೋಡಬಹುದು:

```
import unicodedata
print(unicodedata.normalize("NFKC", "𝐃𝐞𝐬𝐢𝐠𝐧"))
```

ಉತ್ತರ ಮಾಮೂಲಿ `Design`. ವಿಂಡೋಸ್‌ನ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ 2024.3ನೇ ಆವೃತ್ತಿಯಲ್ಲಿ ಇದೇ ಉಪಾಯವನ್ನು ಒಂದು ಆಯ್ಕೆಯಾಗಿ ಸೇರಿಸಿಕೊಂಡಿತು. ಆದರೆ ಇದೇ ಉಪಾಯ x² ಅನ್ನು x2 ಮಾಡುತ್ತದೆ, ಹ್ಯಾಮಿಲ್ಟೋನಿಯನ್ನನ್ನು ಬರೀ H ಮಾಡುತ್ತದೆ. ಹಾಗಾಗಿ ಎಲ್ಲ ಕಡೆ ಕಣ್ಣುಮುಚ್ಚಿ ಹಾಕುವಂತಿಲ್ಲ.

ಇನ್ನೊಂದು ಮಿತಿಯೂ ಇದೆ. ಈಗ ᴅᴇꜱɪɢɴ ಅನ್ನುವ ಪುಟಾಣಿ ದೊಡ್ಡಕ್ಷರಗಳ ಶೋಕಿ ಜೋರು. ಇವು ಗಣಿತದ್ದಲ್ಲ. ಹೆಚ್ಚಿನವು ಭಾಷಾಶಾಸ್ತ್ರಜ್ಞರು ಉಚ್ಚಾರಣೆ ಬರೆಯಲು ಬಳಸುವ ಗುರುತುಗಳು. ಇವುಗಳ ಪಕ್ಕದಲ್ಲಿ ಮೂಲ ಅಕ್ಷರದ ಟಿಪ್ಪಣಿ ಇಲ್ಲ. ಮೇಲಿನ ಕೋಡಿಗೆ ಇದನ್ನು ಕೊಟ್ಟರೆ ಹೋದ ಹಾಗೇ ವಾಪಸ್ ಬರುತ್ತದೆ.

ಈ ವಿಷಯದಲ್ಲಿ ಕನ್ನಡ ಬಚಾವ್. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಇಂಥ ದಪ್ಪ, ಓರೆ ಜೋಡಿಗಳಿಲ್ಲ. ಜನರೇಟರಿಗೆ ‘ದಿವ್ಯಾ’ ಅಂತ ಕೊಟ್ಟರೆ ಕೂಡಿಸುವ ಲೆಕ್ಕವೇ ನಡೆಯುವುದಿಲ್ಲ.

ಒಮ್ಮೆ ನಿಮ್ಮದೇ ಬಯೋ ಕೇಳಿ ನೋಡಿ. ಐಫೋನಿನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಎರಡೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಸಿಗುತ್ತವೆ. ಆಫ್ ಮಾಡೋದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತದೆ ಅಷ್ಟೇ, ಒತ್ತಲು ಎರಡು ಸಲ ತಟ್ಟಬೇಕು. ಬಯೋ ಮೇಲೆ ಬೆರಳಿಟ್ಟಾಗ ನಿಮ್ಮ ಹೆಸರು ಕೇಳಿಸಿದರೆ ಸರಿ. ‘ಮ್ಯಾಥಮ್ಯಾಟಿಕಲ್ ಬೋಲ್ಡ್’ ಅಂತ ಶುರುವಾದರೆ, ಅಥವಾ ಏನೂ ಕೇಳಿಸದಿದ್ದರೆ, ಕೀಬೋರ್ಡಿನಲ್ಲಿ ಹೆಸರನ್ನು ಇನ್ನೊಮ್ಮೆ ಟೈಪ್ ಮಾಡಿ.